ಮೇ ತಿಂಗಳ ರಾತ್ರಿ ಹತ್ತೂವರೆ: ರಾಯಚೂರಿನ 48 ಮನೆಗಳ ಕೇಬಲ್ ಲೆಕ್ಕ

ರಾಯಚೂರಿನಿಂದ ಲಿಂಗಸುಗೂರು ಕಡೆ ಹೋಗುವಾಗ ಊರು ಮುಗಿದು ಕರಿ ಹೊಲ ಶುರುವಾಗುವ ಜಾಗದಲ್ಲಿ ಒಂದು ಅಪಾರ್ಟ್‌ಮೆಂಟ್ ಎದ್ದಿದೆ. ಮೂರು ಬ್ಲಾಕ್. ಪ್ರತಿ ಬ್ಲಾಕಿನಲ್ಲೂ ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೆ ನಾಲ್ಕು ಮನೆ. ಅಂದರೆ ಬ್ಲಾಕಿಗೆ 16, ಒಟ್ಟು 48 ಮನೆ. ಎಲ್ಲಾ ಎರಡು ಬೆಡ್‌ರೂಮಿನ ಮನೆಗಳು. ಟ್ರಾನ್ಸ್‌ಫಾರ್ಮರ್ ಗೇಟಿನ ಪಕ್ಕ. ಅಲ್ಲಿಂದ ಮೊದಲನೇ ಬ್ಲಾಕಿನ ಮೀಟರ್ ಪ್ಯಾನೆಲ್‌ಗೆ ಕೇಬಲ್ ಉದ್ದ 40 ಮೀಟರ್, ಎರಡನೇದಕ್ಕೆ 85, ಮೂರನೇದಕ್ಕೆ 150.

ಇದರ ಲೋಡ್ ಲೆಕ್ಕ ಮತ್ತು ಕೇಬಲ್ ಲೆಕ್ಕದ ವರದಿ ಮೊದಲು ಬೇರೆ ಕಡೆ ತಯಾರಾಗಿತ್ತು. ಕೇಬಲ್ ಆರ್ಡರ್ ಕೊಡುವ ಮುಂಚೆ ಒಮ್ಮೆ ನೋಡಿ ಕೊಡಿ ಅಂತ ಬಿಲ್ಡರ್ ನನ್ನ ಹತ್ತಿರ ತಂದರು. ವರದಿ ಐದು ಪುಟ ಇತ್ತು. ಗುಣಾಕಾರ, ಭಾಗಾಕಾರ ಎಲ್ಲಾ ಸರಿ ಇತ್ತು. ಕ್ಯಾಲ್ಕುಲೇಟರ್ ಹಿಡಿದು ನೋಡಿದರೆ ಒಂದೇ ಒಂದು ತಪ್ಪು ಸಿಗಲಿಲ್ಲ. ಆದರೂ ಅದರಂತೆ ಕೇಬಲ್ ಹಾಕಿದ್ದರೆ ಮೊದಲ ಬೇಸಿಗೆಯಲ್ಲೇ ತೊಂದರೆ ಶುರುವಾಗುತ್ತಿತ್ತು. ತಪ್ಪು ಇದ್ದದ್ದು ಲೆಕ್ಕದಲ್ಲಲ್ಲ, ಲೆಕ್ಕ ಶುರು ಮಾಡುವ ಮುಂಚೆ ಹಿಡಿದುಕೊಂಡ ಊಹೆಗಳಲ್ಲಿ. ಅವೆಲ್ಲಾ ತಂಪು ಊರಿನ ಊಹೆಗಳು.

ಮೊದಲು ಒಂದು ಮನೆಯ ಲೋಡ್ ನೋಡೋಣ. ಲೈಟು, ಫ್ಯಾನು ಸೇರಿ ಅರ್ಧ ಕಿಲೋವ್ಯಾಟ್. ಟಿವಿ, ಫ್ರಿಜ್, ಚಾರ್ಜರ್, ಮಿಕ್ಸಿಗೆ ಒಂದು. ವಾಷಿಂಗ್ ಮೆಷಿನ್ ಮತ್ತು ಅಡುಗೆಮನೆಯ ದೊಡ್ಡ ಸಾಕೆಟ್‌ಗೆ ಎರಡು. ಎರಡು ಗೀಸರ್‌ಗೆ ನಾಲ್ಕು. ಒಂದೂವರೆ ಟನ್ನಿನ ಎರಡು ಎಸಿಗೆ 3.6. ಒಟ್ಟು 11.1 ಕಿಲೋವ್ಯಾಟ್. ಇದು ಕನೆಕ್ಟೆಡ್ ಲೋಡ್, ಅಂದರೆ ಮನೆಯಲ್ಲಿರುವ ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಆಗುವ ಮೊತ್ತ. ಹಾಗೆ ಯಾರೂ ಹಾಕುವುದಿಲ್ಲ. ಅದಕ್ಕೇ ಇದನ್ನು ಕಡಿಮೆ ಮಾಡಿ ಹಿಡಿಯುತ್ತೇವೆ. ಎಷ್ಟು ಕಡಿಮೆ ಅನ್ನೋದೇ ಪ್ರಶ್ನೆ.

ಹಳೇ ವರದಿ ಹೀಗೆ ಮಾಡಿತ್ತು. ಒಂದು ಮನೆಯಲ್ಲಿ ಎಲ್ಲಾ ಒಟ್ಟಿಗೆ ಓಡುವುದಿಲ್ಲ ಅಂತ 11.1ಕ್ಕೆ ಡಿಮ್ಯಾಂಡ್ ಫ್ಯಾಕ್ಟರ್ 0.5 ಹಾಕಿ 5.55 ಮಾಡಿತು. ಆಮೇಲೆ 16 ಮನೆಯವರೂ ಒಂದೇ ಹೊತ್ತಿಗೆ ಲೋಡ್ ಹಾಕುವುದಿಲ್ಲ ಅಂತ ಡೈವರ್ಸಿಟಿ ಹೆಸರಿನಲ್ಲಿ ಇನ್ನೊಂದು 0.5 ಹಾಕಿತು. ಮನೆಗೆ ಉಳಿದದ್ದು ಸುಮಾರು 2.8 ಕಿಲೋವ್ಯಾಟ್, ಬ್ಲಾಕಿಗೆ 44.4. ಲಿಫ್ಟ್ ಮತ್ತು ಮೆಟ್ಟಿಲು ಲೈಟಿನ 7 ಕಿಲೋವ್ಯಾಟನ್ನೂ ಅರ್ಧ ಮಾಡಿ ಸೇರಿಸಿ ಬ್ಲಾಕಿಗೆ 48 ಅಂತ ಬರೆದಿತ್ತು. 415 ವೋಲ್ಟ್, 0.9 ಪವರ್ ಫ್ಯಾಕ್ಟರ್‌ನಲ್ಲಿ ಇದು 74 ಆಂಪಿಯರ್.

ಎರಡು ಸಲ ಅರ್ಧ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಗೀಸರ್ ವಿಷಯದಲ್ಲಿ ಅದು ಸರಿ. ಒಂದು ಗೀಸರ್ ಹದಿನೈದು, ಇಪ್ಪತ್ತು ನಿಮಿಷ ಉರಿದು ಕಟ್ ಆಗುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತರ ತನಕ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಸ್ನಾನ ಮಾಡುತ್ತಾರೆ. ಹದಿನಾರು ಮನೆಯ ಗೀಸರ್ ಒಂದೇ ಗಳಿಗೆಯಲ್ಲಿ ಉರಿಯುವುದು ಅಪರೂಪ. ಚಳಿಗಾಲದ ಬೆಳಿಗ್ಗೆ ಒಂದು ಮನೆ 5.5 ಕಿಲೋವ್ಯಾಟ್ ಎಳೆದರೂ ಇಡೀ ಬ್ಲಾಕಿಗೆ 40 ದಾಟುವುದು ಕಷ್ಟ.

ಆದರೆ ರಾಯಚೂರಿನ ಕೇಬಲ್‌ಗೆ ಪರೀಕ್ಷೆ ಚಳಿಗಾಲದ ಬೆಳಿಗ್ಗೆ ನಡೆಯುವುದಿಲ್ಲ. ಅದು ನಡೆಯುವುದು ಮೇ ತಿಂಗಳ ರಾತ್ರಿ ಹತ್ತೂವರೆಗೆ. ಹಗಲೆಲ್ಲಾ ಕಾದ ಆರ್‌ಸಿಸಿ ಛಾವಣಿ, ಗೋಡೆ ಆ ಹೊತ್ತಿಗೆ ಶಾಖ ಒಳಗೆ ಬಿಡುತ್ತಿರುತ್ತವೆ. ಊಟ ಮುಗಿದಿರುತ್ತದೆ. ಎಲ್ಲರೂ ಮಲಗುವ ಕೋಣೆಗೆ ಹೋಗಿ ಎಸಿ ಹಾಕುತ್ತಾರೆ. ಎಸಿ ಗೀಸರಿನ ಹಾಗಲ್ಲ. ತಂಪು ಊರಿನಲ್ಲಿ ಕಂಪ್ರೆಸರ್ ಹತ್ತು ನಿಮಿಷ ಓಡಿ ಹತ್ತು ನಿಮಿಷ ಸುಮ್ನಿರುತ್ತದೆ. ಇಲ್ಲಿ ಆ ಹೊತ್ತಿಗೆ ಅದು ನಿಲ್ಲುವುದೇ ಕಡಿಮೆ. ಇನ್ವರ್ಟರ್ ಎಸಿ ಆದರೂ ಪೂರ್ತಿ ವೇಗದಲ್ಲೇ ಇರುತ್ತದೆ. ಹಾಗಾಗಿ ಡೈವರ್ಸಿಟಿ ಅನ್ನೋದು ಎಲ್ಲಾ ಸಾಮಾನಿಗೂ ಹಾಕುವ ಒಂದೇ ಅಂಕಿ ಅಲ್ಲ. ಯಾವ ಹೊತ್ತಿನಲ್ಲಿ ಯಾವುದು ಒಟ್ಟಿಗೆ ಓಡುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಅದು.

ನಾನು ಲೆಕ್ಕವನ್ನು ಆ ಹೊತ್ತಿನಿಂದಲೇ ಕಟ್ಟಿದೆ. ಎರಡು ಎಸಿ 3.6, ಫ್ಯಾನು ಮತ್ತು ಒಂದೆರಡು ಲೈಟು 0.4, ಫ್ರಿಜ್ ಮತ್ತು ಟಿವಿ 0.4. ಮನೆಗೆ 4.4 ಕಿಲೋವ್ಯಾಟ್. ಗೀಸರ್, ವಾಷಿಂಗ್ ಮೆಷಿನ್ ಆ ಹೊತ್ತಿಗೆ ಸೊನ್ನೆ. ಕೆಲವು ಮನೆಯವರು ರಜಕ್ಕೆ ಊರಿಗೆ ಹೋಗಿರುತ್ತಾರೆ, ಕೆಲವರು ಒಂದೇ ರೂಮಿನಲ್ಲಿ ಎಸಿ ಹಾಕುತ್ತಾರೆ ಅಂತ 0.8 ಹಿಡಿದೆ. ಹದಿನಾರು ಮನೆಗೆ 56 ಕಿಲೋವ್ಯಾಟ್ ಚಿಲ್ಲರೆ. ಲಿಫ್ಟು, ಲೈಟಿಗೆ ಪೂರ್ತಿ 7. ಬ್ಲಾಕಿಗೆ 63 ಕಿಲೋವ್ಯಾಟ್, 98 ಆಂಪಿಯರ್. ಹಳೇ ವರದಿಯ 74 ಎಲ್ಲಿ, ಈ 98 ಎಲ್ಲಿ!

ಮೂರು ಬ್ಲಾಕ್ ಮತ್ತು ನೀರಿನ ಮೋಟಾರುಗಳ 15 ಕಿಲೋವ್ಯಾಟ್ ಸೇರಿಸಿದರೆ 205. ಅದು 228 ಕೆವಿಎ. ಹಳೇ ವರದಿ 200 ಕೆವಿಎ ಟ್ರಾನ್ಸ್‌ಫಾರ್ಮರ್ ಸೂಚಿಸಿತ್ತು. ಅದನ್ನು 250 ಮಾಡಿದೆ.

ಈಗ ಕೇಬಲ್. ಹಳೇ ವರದಿ ಆರಿಸಿದ್ದು ಮೂರೂವರೆ ಕೋರಿನ 35 ಸ್ಕ್ವೇರ್ ಎಂಎಂ ಅಲ್ಯುಮಿನಿಯಂ ಆರ್ಮರ್ಡ್ ಕೇಬಲ್, ಎಕ್ಸ್‌ಎಲ್‌ಪಿಇ ಇನ್ಸುಲೇಷನ್. ತಯಾರಕರ ಕೋಷ್ಟಕದಲ್ಲಿ ಅದಕ್ಕೆ ನೆಲದಲ್ಲಿ 113 ಆಂಪಿಯರ್ ಅಂತ ಇದೆ. ಬೇಕಾದದ್ದು 74, ಸಿಗುವುದು 113, ಸಾಕು ಅಂತ ಬರೆದು ಮುಗಿಸಿತ್ತು.

ಆ 113ರ ಕೆಳಗೆ ಸಣ್ಣ ಅಕ್ಷರದಲ್ಲಿ ಕೆಲವು ಷರತ್ತುಗಳಿವೆ. ನೆಲದ ಉಷ್ಣತೆ 30 ಡಿಗ್ರಿ ಇರಬೇಕು. ಮಣ್ಣಿನ ಉಷ್ಣ ಪ್ರತಿರೋಧ 1.5 ಕೆಲ್ವಿನ್ ಮೀಟರ್ ಪ್ರತಿ ವ್ಯಾಟ್ ಇರಬೇಕು. ಕೇಬಲ್ ಹೂಳಲು ತೋಡಿದ ಚರಂಡಿಯಲ್ಲಿ ಅದೊಂದೇ ಕೇಬಲ್ ಇರಬೇಕು. ನಮ್ಮ ಸೈಟಿನಲ್ಲಿ ಈ ಮೂರೂ ಇಲ್ಲ.

ಮಣ್ಣಿನದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೇಬಲ್ ಒಳಗಿನ ಬಿಸಿ ಹೊರಗೆ ಹೋಗುವುದು ಮಣ್ಣಿನ ಮೂಲಕ. ಒದ್ದೆ ಮಣ್ಣು ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಒಣ ಮಣ್ಣು ಕಂಬಳಿ ಹೊದಿಸಿದ ಹಾಗೆ. ಏಪ್ರಿಲ್ ಕೊನೆಗೆ ನಾನು ಸೈಟಿಗೆ ಹೋದಾಗ ಕೇಬಲ್ ಹಾದಿಯಲ್ಲಿ ಮುಕ್ಕಾಲು ಮೀಟರ್ ಗುಂಡಿ ತೋಡಿಸಿದೆ. ಮೇಲೆ ಬಿರುಕು ಕೈಬೆರಳು ಹೋಗುವಷ್ಟು ಅಗಲ. ಕೆಳಗೆ ಸಣ್ಣದಾಗುತ್ತಾ ಹೋದರೂ ಗುಂಡಿಯ ತಳದಲ್ಲೂ ಬಿರುಕು ಕಾಣುತ್ತಿತ್ತು. ತಳದಿಂದ ಒಂದು ಹೆಂಟೆ ತೆಗೆದು ಹಿಸುಕಿದರೆ ಒಂಚೂರೂ ಅಂಟಲಿಲ್ಲ, ಕಲ್ಲಿನ ಹಾಗೆ ಕೂತಿತ್ತು. ಎರೆಮಣ್ಣಿನ ಸ್ವಭಾವವೇ ಅದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಕೇಬಲ್ ಸುತ್ತ ಮಣ್ಣು ಕುಗ್ಗಿದರೆ ನಡುವೆ ಗಾಳಿ ತುಂಬುತ್ತದೆ. ಗಾಳಿ ಒಣ ಮಣ್ಣಿಗಿಂತಲೂ ದಪ್ಪ ಕಂಬಳಿ.

ಅಂದರೆ ಎಸಿಗಳೆಲ್ಲಾ ಒಟ್ಟಿಗೆ ಓಡುವ ತಿಂಗಳು ಯಾವುದೋ, ಮಣ್ಣು ಅತಿ ಹೆಚ್ಚು ಒಣಗಿರುವ ತಿಂಗಳೂ ಅದೇ. ಈ ಎರಡೂ ಒಂದೇ ರಾತ್ರಿ ಬಂದು ಕೇಬಲ್ ಮೇಲೆ ಕೂರುತ್ತವೆ. ಈ ಭಾಗದಲ್ಲಿ ಕೆಲಸ ಮಾಡುವವರು ಇದನ್ನು ವರದಿಯ ಮೊದಲ ಪುಟದಲ್ಲೇ ಬರೆಯಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಮಣ್ಣಿನ ಉಷ್ಣ ಪ್ರತಿರೋಧ ಅಳೆಯಲು ಸೂಜಿಯಂಥ ಪ್ರೋಬ್ ಇರುತ್ತದೆ. ಈ ಸೈಟಿನಲ್ಲಿ ಆ ಪರೀಕ್ಷೆ ಮಾಡಿಸಲಿಲ್ಲ. ಅದರ ಬದಲು ಒಣ ಮಣ್ಣಿಗೆ ಅಂತ 2.5 ಹಿಡಿದು, ಇದು ಅಳೆದದ್ದಲ್ಲ, ಊಹೆ ಅಂತ ವರದಿಯಲ್ಲಿ ಸ್ಪಷ್ಟವಾಗಿ ಬರೆದೆ. 1.5ರಿಂದ 2.5ಕ್ಕೆ ಹೋದರೆ ಕೇಬಲ್ ಸಾಮರ್ಥ್ಯಕ್ಕೆ 0.80 ಗುಣಿಸಬೇಕು.

ನೆಲದ ಉಷ್ಣತೆಗೆ 35 ಡಿಗ್ರಿ ಹಿಡಿದೆ. ಎಕ್ಸ್‌ಎಲ್‌ಪಿಇ ಕೇಬಲ್ಲಿನ ತಂತಿ 90 ಡಿಗ್ರಿ ತನಕ ಬಿಸಿಯಾಗಬಹುದು. ಕೋಷ್ಟಕದ ಪ್ರಕಾರ ಬಿಸಿ ಏರಲು 60 ಡಿಗ್ರಿ ಜಾಗ ಇದೆ. ನಮಗೆ ಇರುವುದು 55 ಮಾತ್ರ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ 55ನ್ನು 60ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.96. ಇದು ಸಣ್ಣ ಪೆಟ್ಟು. ಇಲ್ಲಿ ಬಿಸಿಲಿಗಿಂತ ಮಣ್ಣೇ ಜಾಸ್ತಿ ಕಾಡುತ್ತದೆ.

ಮೂರನೇದು ಜೊತೆಗಾರರು. ಗೇಟಿನಿಂದ ಮೊದಲ 40 ಮೀಟರ್ ಮೂರೂ ಕೇಬಲ್ ಒಂದೇ ಚರಂಡಿಯಲ್ಲಿ ಹೋಗುತ್ತವೆ. ಒಂದರ ಬಿಸಿ ಇನ್ನೊಂದಕ್ಕೆ ತಾಗುತ್ತದೆ. ಒಂದಕ್ಕೊಂದು ತಾಗಿಸಿ ಹಾಕಿದರೆ 0.65, ನಡುವೆ ಕಾಲು ಮೀಟರ್ ಬಿಟ್ಟರೆ 0.80. ಚರಂಡಿಯನ್ನು ಸ್ವಲ್ಪ ಅಗಲ ಮಾಡಿದರೆ ಸಿಗುವ ಲಾಭ ಇದು. ಜೆಸಿಬಿಗೆ ಅರ್ಧ ಗಂಟೆ ಜಾಸ್ತಿ ಆಗಬಹುದು ಅಷ್ಟೇ. ಹಾಗಾಗಿ ಕಾಲು ಮೀಟರ್ ಅಂತರ ಅಂತ ಡ್ರಾಯಿಂಗಿನಲ್ಲೇ ಬರೆದೆ.

ಮೂರನ್ನೂ ಗುಣಿಸಿದರೆ 0.614. ಕೋಷ್ಟಕದ 113 ಆಂಪಿಯರ್ ಇಲ್ಲಿ 69 ಆಗುತ್ತದೆ. ಹಳೇ ವರದಿಯ ಸ್ವಂತ 74 ಆಂಪಿಯರನ್ನೇ ಆ ಕೇಬಲ್ ಹೊರುವುದಿಲ್ಲ. ಅದಕ್ಕೆ 100 ಆಂಪಿಯರಿನ ಎಂಸಿಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಕಟ್ ಮಾಡುವ ಬ್ರೇಕರ್ ಬೇರೆ ಹಾಕಿದ್ದರು. 98 ಆಂಪಿಯರ್ ಹರಿದರೆ ಆ ಎಂಸಿಸಿಬಿ ಟ್ರಿಪ್ ಆಗುವುದಿಲ್ಲ, ಯಾಕಂದರೆ ಅದರ ಮಟ್ಟಿಗೆ ಎಲ್ಲಾ ಸರಿ ಇದೆ. ಕೇಬಲ್ ಮಾತ್ರ ದಿನಾ ರಾತ್ರಿ ನಾಲ್ಕೈದು ಗಂಟೆ ಬೇಯುತ್ತಿರುತ್ತದೆ. ಮೊದಲ ದಿನವೇ ಸುಡುವುದಿಲ್ಲ. ಇನ್ಸುಲೇಷನ್ ನಿಧಾನಕ್ಕೆ ಗಟ್ಟಿಯಾಗಿ ಮುದಿಯಾಗುತ್ತದೆ. ಹೊರಗೆ ಮೊದಲು ಗೊತ್ತಾಗುವುದು ಕೇಬಲ್ ತುದಿ ಪ್ಯಾನೆಲ್ಲಿಗೆ ಸೇರುವ ಲಗ್ ಹತ್ತಿರ. ಅಲ್ಲಿ ಸ್ಲೀವ್ ಬಣ್ಣ ಕಂದಾಗುತ್ತದೆ, ಬಾಗಿಲು ತೆಗೆದರೆ ಸುಟ್ಟ ವಾಸನೆ ಬರುತ್ತದೆ. ಎಲೆಕ್ಟ್ರಿಷಿಯನ್ ಬಂದು ಲಗ್ ಕತ್ತರಿಸಿ ಹೊಸದು ಹಾಕಿ ಹೋಗುತ್ತಾರೆ. ಮುಂದಿನ ಬೇಸಿಗೆಗೆ ಮತ್ತೆ ಅದೇ.

ಇನ್ನು ವೋಲ್ಟೇಜ್ ಡ್ರಾಪ್, ಅಂದರೆ ಕೇಬಲ್ ದಾರಿಯಲ್ಲೇ ಕಳೆದುಹೋಗುವ ವೋಲ್ಟೇಜ್. ಈ ಸೂತ್ರ ಎಲ್ಲರಿಗೂ ಗೊತ್ತಿರುವುದೇ:

```
ΔV = √3 × I × L × (R cosφ + X sinφ)
```

ಇದರಲ್ಲಿ `L` ಕಿಲೋಮೀಟರಿನಲ್ಲಿ, `R` ಮತ್ತು `X` ಕಿಲೋಮೀಟರಿಗೆ ಓಮ್‌ನಲ್ಲಿ. ಹಳೇ ವರದಿ 150 ಮೀಟರ್ ದೂರದ ಮೂರನೇ ಬ್ಲಾಕಿಗೆ 15.7 ವೋಲ್ಟ್, ಅಂದರೆ 3.8 ಪರ್ಸೆಂಟ್ ಅಂತ ತೆಗೆದು, 5ರ ಒಳಗಿದೆ, ಸರಿ ಅಂತ ಟಿಕ್ ಹಾಕಿತ್ತು. ಈ ಒಂದು ಟಿಕ್ ಹಿಂದೆ ಎರಡು ತಪ್ಪು ಅಡಗಿವೆ. ಎರಡನ್ನೂ ನಾನು ಎಷ್ಟೋ ವರದಿಗಳಲ್ಲಿ ನೋಡಿದ್ದೇನೆ.

ಮೊದಲನೇದು `R` ಬೆಲೆ. ಅವರು ಹಾಕಿದ್ದು 0.868. ಇದು 20 ಡಿಗ್ರಿಯಲ್ಲಿ ತಂತಿಯ ಪ್ರತಿರೋಧ. ಕೆಲಸ ಮಾಡುವ ಕೇಬಲ್ 20 ಡಿಗ್ರಿಯಲ್ಲಿ ಇರುವುದಿಲ್ಲ. ಅಲ್ಯುಮಿನಿಯಂ ತಂತಿಯ ಪ್ರತಿರೋಧ ಪ್ರತಿ ಡಿಗ್ರಿಗೆ 0.00403 ಪಾಲು ಏರುತ್ತದೆ. 90 ಡಿಗ್ರಿಗೆ ಹೋದರೆ 70 ಡಿಗ್ರಿ ಏರಿಕೆ, ಅಂದರೆ 1.28 ಪಟ್ಟು. 0.868 ಇದ್ದದ್ದು 1.11 ಆಗುತ್ತದೆ. ಇಷ್ಟು ಬದಲಿಸಿದರೇ ಅವರ 74 ಆಂಪಿಯರಿಗೆ ಡ್ರಾಪ್ 4.8 ಪರ್ಸೆಂಟ್. ನಮ್ಮ 98 ಆಂಪಿಯರಿಗೆ 26 ವೋಲ್ಟ್, 6.4 ಪರ್ಸೆಂಟ್.

ಎರಡನೇದು ಇನ್ನೂ ದೊಡ್ಡದು. ಐದು ಪರ್ಸೆಂಟ್ ಅನ್ನೋದು ಪೂರ್ತಿ ಹಾದಿಗೆ ಇರುವ ಮಿತಿ. ವೈರಿಂಗಿನ ಭಾರತೀಯ ಮಾನದಂಡ ಐಎಸ್ 732 ಲೈಟಿಂಗಿಗೆ 3, ಉಳಿದದ್ದಕ್ಕೆ 5 ಪರ್ಸೆಂಟ್ ಹೇಳುವುದು ಸಪ್ಲೈ ತಗೊಳ್ಳುವ ಜಾಗದಿಂದ ಕೊನೆಯ ಪಾಯಿಂಟಿನ ತನಕ. ಸ್ವಂತ ಟ್ರಾನ್ಸ್‌ಫಾರ್ಮರಿನಿಂದ ಸಪ್ಲೈ ಇದ್ದರೆ 6 ಮತ್ತು 8 ತನಕ ಬಿಡುತ್ತದೆ, ನಿಜ. ನಾನು ಆ ಸಡಿಲ ಬಳಸಲಿಲ್ಲ. ಮೇ ತಿಂಗಳ ರಾತ್ರಿ ಹೊರಗಿನ ಲೈನಿನಲ್ಲೇ ವೋಲ್ಟೇಜ್ ಇಳಿದಿರುತ್ತದೆ. ಕಾಗದದ ಮೇಲೆ ಸಿಗುವ ಆ ಮೂರು ಪರ್ಸೆಂಟನ್ನು ನಾವೇ ಮೊದಲು ತಿಂದು ಹಾಕಿದರೆ ಎಸಿಗೆ ಏನೂ ಉಳಿಯುವುದಿಲ್ಲ. ಅದಕ್ಕೆ ಟ್ರಾನ್ಸ್‌ಫಾರ್ಮರಿನಿಂದ ಅತಿ ದೂರದ ಎಸಿ ತನಕ ಒಟ್ಟು 5 ಪರ್ಸೆಂಟ್ ಅಂತ ನಮಗೆ ನಾವೇ ಗೆರೆ ಹಾಕಿಕೊಂಡೆವು. ಮೀಟರಿನಿಂದ ಲೈಟಿನ ತನಕ 3ರ ಒಳಗೆ ಇರುವುದನ್ನು ಬೇರೆಯಾಗಿ ನೋಡಿದೆವು. ಅದು ಸುಲಭವಾಗಿ ಬಂತು.

ಈ ಐದನ್ನು ಮನೆಗೆ ಸಾಮಾನು ತರಲು ಇಟ್ಟ ದುಡ್ಡಿನ ಹಾಗೆ ಹಂಚಬೇಕು. ಹಾದಿಯಲ್ಲಿ ಮೂರು ತುಂಡು. ಟ್ರಾನ್ಸ್‌ಫಾರ್ಮರಿನಿಂದ ಬ್ಲಾಕಿನ ಮೀಟರ್ ಪ್ಯಾನೆಲ್, ಅಲ್ಲಿಂದ ನಾಲ್ಕನೇ ಮಹಡಿಯ ಮನೆಯೊಳಗೆ ಕರೆಂಟ್ ಹಂಚುವ ಪೆಟ್ಟಿಗೆಯಾದ ಡಿಬಿ, ಅಲ್ಲಿಂದ ಎಸಿ ಸಾಕೆಟ್.

ಕೊನೆಯಿಂದ ಶುರು ಮಾಡಿದೆ. ಎಸಿಗೆ ಸುಮಾರು 8.3 ಆಂಪಿಯರ್, ದೂರ 15 ಮೀಟರ್. 4 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಒಂದೂವರೆ ವೋಲ್ಟ್, 0.6 ಪರ್ಸೆಂಟ್. ಹಳೇ ವರದಿಯಲ್ಲಿದ್ದ 2.5ರ ವೈರ್ ಹಾಕಿದ್ದರೆ 1 ಪರ್ಸೆಂಟ್. ಸಿಂಗಲ್ ಫೇಸ್ ಆದ್ದರಿಂದ ಹೋಗುವ ಹಾದಿ, ಬರುವ ಹಾದಿ ಎರಡನ್ನೂ ಎಣಿಸಬೇಕು. ಉದ್ದಕ್ಕೆ ಎರಡರಿಂದ ಗುಣಿಸುವುದನ್ನು ಮರೆಯುವವರು ಬಹಳ ಜನ.

ಮೀಟರಿನಿಂದ ನಾಲ್ಕನೇ ಮಹಡಿಗೆ 30 ಮೀಟರ್. ರಾತ್ರಿ ಹೊತ್ತು ಆ ಮನೆ 20 ಆಂಪಿಯರ್ ಎಳೆಯುತ್ತದೆ. ಹಳೇ ವರದಿಯಲ್ಲಿ 6 ಸ್ಕ್ವೇರ್ ಎಂಎಂ ತಾಮ್ರ ಇತ್ತು. ಅದರಲ್ಲಿ 2 ಪರ್ಸೆಂಟ್ ಹೋಗುತ್ತದೆ. 10 ಹಾಕಿದರೆ 1.1. ಇಲ್ಲಿ ನಾನು 10 ಆರಿಸಿದೆ. ಕೆಳಗಿನ ಮಹಡಿಗಳಿಗೆ 6 ಸಾಕಾಗುತ್ತಿತ್ತು. ಆದರೆ ಎರಡು ಸೈಜ್ ತಂದರೆ ಸೈಟಿನಲ್ಲಿ ಅದಲು ಬದಲು ಆಗುವುದು ಖಂಡಿತ. ಹಾಗಾಗಿ ಎಲ್ಲಕ್ಕೂ 10.

ಈಗ ಫೀಡರ್ ಕೇಬಲ್‌ಗೆ ಉಳಿದದ್ದು 3.3 ಪರ್ಸೆಂಟ್. 70 ಸ್ಕ್ವೇರ್ ಎಂಎಂ ಕೇಬಲ್ಲಿನಲ್ಲಿ 98 ಆಂಪಿಯರಿಗೆ 13.9 ವೋಲ್ಟ್, 3.35 ಪರ್ಸೆಂಟ್. ಕೂದಲೆಳೆಯಲ್ಲಿ ತಪ್ಪಿತು. 95ರಲ್ಲಿ 10.3 ವೋಲ್ಟ್, 2.5 ಪರ್ಸೆಂಟ್. ಒಟ್ಟು 2.5, 1.1, 0.6 ಸೇರಿ 4.2. ಹಳೇ ವರದಿಯ ಕೇಬಲ್, ವೈರುಗಳನ್ನೇ ಇಟ್ಟು ನಮ್ಮ ಲೋಡಿಗೆ ಲೆಕ್ಕ ಹಾಕಿದರೆ ಅದೇ ಎಸಿಗೆ 9.4 ಪರ್ಸೆಂಟ್ ಹೋಗುತ್ತಿತ್ತು. ಅಂದರೆ 240ರಲ್ಲಿ 22 ವೋಲ್ಟ್ ಚಿಲ್ಲರೆ ದಾರಿಯಲ್ಲೇ ಕರಗುತ್ತಿತ್ತು.

70 ಕೂದಲೆಳೆಯಲ್ಲಿ ತಪ್ಪಿದ್ದಕ್ಕೆ ಬಿಲ್ಡರ್ ಅಲ್ಲೇ ಹಿಡಿದರು.

"ಸರ್, ಪಾಯಿಂಟ್ ಸೊನ್ನೆ ಐದಕ್ಕ ಒಂದು ಸೈಜ್ ಮೇಲಕ್ಕ ಹೋಗಬೇಕೇನ್ರಿ? ಎಪ್ಪತ್ತೇ ಹಾಕೋಣಲ್ರಿ."

ಅವರ ಪ್ರಶ್ನೆ ನ್ಯಾಯವಾದದ್ದು. ಬರೀ ವೋಲ್ಟೇಜ್ ಡ್ರಾಪ್ ನೋಡಿದರೆ ನಾನೂ ಒಪ್ಪುತ್ತಿದ್ದೆ. ಆದರೆ ಬಿಸಿಯ ಕಡೆಯಿಂದ 70 ನಿಲ್ಲುವುದಿಲ್ಲ. ಕೋಷ್ಟಕದಲ್ಲಿ ಅದಕ್ಕೆ 164 ಆಂಪಿಯರ್. 0.614 ಗುಣಿಸಿದರೆ 100.7. ನಮ್ಮ 98 ಅದರೊಳಗೆ ಬರುತ್ತದೆ ಅಂತ ಕಾಣುತ್ತದೆ. ಆದರೆ 98 ಅನ್ನೋದು ಮೂರು ಫೇಸಿಗೂ ಸಮವಾಗಿ ಹಂಚಿದಾಗ. ಹದಿನಾರನ್ನು ಮೂರಕ್ಕೆ ಸಮವಾಗಿ ಹಂಚಲು ಆಗುವುದಿಲ್ಲ ಅಲ್ವಾ? ಒಂದು ಫೇಸಿಗೆ ಆರು ಮನೆ ಬಂದೇ ಬರುತ್ತವೆ. ಆ ಫೇಸಿನಲ್ಲಿ 108 ಆಂಪಿಯರ್. 70 ಅಲ್ಲಿಗೆ ಮುಗಿಯಿತು. 95ಕ್ಕೆ ಕೋಷ್ಟಕದಲ್ಲಿ 196, ನಮ್ಮ ಮಣ್ಣಿನಲ್ಲಿ 120. ಅದು ತಡೆಯುತ್ತದೆ.

ಇದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಅವರು ಇನ್ನೊಂದು ಕೇಳಿದರು. "ಹಂಗಾರ ಮೊದಲನೇ ಬ್ಲಾಕ್ ಬರೇ ನಲವತ್ತು ಮೀಟರ್ ಐತ್ರಿ. ಅದಕ್ಕರ ಸಣ್ಣದು ನಡೀತದಲ್ರಿ?" ನಡೆಯುವುದಿಲ್ಲ. ದೂರ ಕಡಿಮೆ ಆದರೆ ಡ್ರಾಪ್ ಕಡಿಮೆ ಆಗುತ್ತದೆ, ಬಿಸಿ ಕಡಿಮೆ ಆಗುವುದಿಲ್ಲ. ಮೂರೂ ಬ್ಲಾಕಿಗೆ ಲೋಡ್ ಒಂದೇ, ಮಣ್ಣು ಒಂದೇ. ಮೊದಲ ಎರಡು ಬ್ಲಾಕಿನ ಸೈಜನ್ನು ಬಿಸಿ ತೀರ್ಮಾನಿಸಿತು. ಮೂರನೇದಕ್ಕೆ ಬಿಸಿಯೂ 95 ಬೇಕು ಅಂದಿತು, ಡ್ರಾಪೂ 95 ಬೇಕು ಅಂದಿತು.

ಖರ್ಚು ಇಳಿಸುವ ಒಂದು ಒಳ್ಳೆಯ ದಾರಿ ಇತ್ತು. ಟ್ರಾನ್ಸ್‌ಫಾರ್ಮರನ್ನು ಎರಡನೇ ಬ್ಲಾಕಿನ ಹತ್ತಿರಕ್ಕೆ ತಂದರೆ ಕೇಬಲ್‌ಗಳ ಒಟ್ಟು ಉದ್ದ ಬಹಳ ಕಡಿಮೆ ಆಗುತ್ತಿತ್ತು. ಮೂರೂ ಒಂದೇ ಚರಂಡಿಯಲ್ಲಿ ಹೋಗುವುದೂ ತಪ್ಪುತ್ತಿತ್ತು, ಆಗ 0.80ರ ಆ ಗುಣಕವೇ ಬೇಡ. ಆದರೆ ಅಷ್ಟೊತ್ತಿಗೆ ಗೇಟಿನ ಪಕ್ಕ ಪ್ಲಿಂತ್ ಎದ್ದಿತ್ತು, ಒಳಗಿನ ಖಾಲಿ ಜಾಗ ಬೇರೆ ಕೆಲಸಕ್ಕೆ ಹೋಗಿತ್ತು. ಲೇಔಟ್ ಗೆರೆ ಎಳೆಯುವ ದಿನವೇ ಕೇಬಲ್ ಲೆಕ್ಕ ಮಾಡುವವರನ್ನು ಕರೆದಿದ್ದರೆ ಈ ಉಳಿತಾಯ ಸಿಗುತ್ತಿತ್ತು.

ಶಾರ್ಟ್ ಸರ್ಕ್ಯೂಟ್ ಪರೀಕ್ಷೆ ಬೇಗ ಮುಗಿಯಿತು. 250 ಕೆವಿಎ, 4.5 ಪರ್ಸೆಂಟ್ ಇಂಪೀಡೆನ್ಸ್ ಟ್ರಾನ್ಸ್‌ಫಾರ್ಮರ್ ಕೊಡುವುದು ಹೆಚ್ಚೆಂದರೆ 7.4 ಕಿಲೋ ಆಂಪಿಯರ್. 95ರ ಕೇಬಲ್ ಒಂದು ಸೆಕೆಂಡಿಗೆ 8.9 ತಡೆಯುತ್ತದೆ. ಎಂಸಿಸಿಬಿಗೆ 125 ಆಂಪಿಯರ್ ಆರಿಸಿ, ಓವರ್‌ಲೋಡ್ ಗುಂಡಿಯನ್ನು 0.9ಕ್ಕೆ ಸೆಟ್ ಮಾಡಿಸಿದೆ. ಅಂದರೆ 112.5. ಪೂರ್ತಿ 125ಕ್ಕೆ ಬಿಟ್ಟರೆ ಅದು ಕೇಬಲ್ಲಿನ 120ನ್ನು ಮೀರುತ್ತದೆ. ಆ ಗುಂಡಿಯನ್ನು ಪೂರ್ತಿ ತಿರುಗಿಸಿ ಬಿಡುವುದು ಸೈಟಿನಲ್ಲಿ ಬಹಳ ಸಾಮಾನ್ಯ.

ನ್ಯೂಟ್ರಲ್ ಬಗ್ಗೆ ಮಾತ್ರ ಸ್ವಲ್ಪ ಹೊತ್ತು ಕೂರಬೇಕಾಯಿತು. ಮೂರೂವರೆ ಕೋರ್ ಕೇಬಲ್ಲಿನಲ್ಲಿ ಆ ಅರ್ಧ ಕೋರ್ ನ್ಯೂಟ್ರಲ್. 95ರ ಕೇಬಲ್ಲಿನಲ್ಲಿ ಅದು 50. ಮೋಟಾರ್ ಲೋಡಿಗೆ ಅದು ಧಾರಾಳ. ಆದರೆ ಇಲ್ಲಿ ಮನೆಗಳೆಲ್ಲಾ ಸಿಂಗಲ್ ಫೇಸ್. ಒಂದು ರಾತ್ರಿ ಆರ್, ವೈ, ಬಿ ಅನ್ನುವ ಮೂರು ಫೇಸುಗಳ ಪೈಕಿ ಆರ್ ಫೇಸಿನಲ್ಲಿ 100 ಆಂಪಿಯರ್, ಉಳಿದೆರಡರಲ್ಲಿ 60 ಇದೆ ಅಂದುಕೊಳ್ಳಿ. ನ್ಯೂಟ್ರಲ್ಲಿನಲ್ಲಿ 40 ಹರಿಯುತ್ತದೆ. ಆರ್ ಫೇಸಿನ ಮನೆಗೆ ತನ್ನ ಫೇಸ್ ತಂತಿಯಲ್ಲಿ 6 ವೋಲ್ಟ್ ಹೋಗುತ್ತದೆ, ಆ 50ರ ನ್ಯೂಟ್ರಲ್ಲಿನಲ್ಲಿ ಇನ್ನೂ 5 ವೋಲ್ಟ್. ಒಟ್ಟು 11 ವೋಲ್ಟ್, ಫೀಡರ್ ಒಂದರಲ್ಲೇ 4.6 ಪರ್ಸೆಂಟ್. ನಾವು ಅಷ್ಟು ಜೋಪಾನವಾಗಿ ಹಂಚಿದ ಲೆಕ್ಕ ಅಲ್ಲಿಗೆ ಕೆಟ್ಟಿತು. ಮೂರು ಫೇಸ್ ಸೂತ್ರ ಇದನ್ನು ತೋರಿಸುವುದೇ ಇಲ್ಲ, ಯಾಕಂದರೆ ಅದು ನ್ಯೂಟ್ರಲ್ಲಿನಲ್ಲಿ ಕರೆಂಟೇ ಇಲ್ಲ ಅಂತ ಹಿಡಿದ ಸೂತ್ರ.

ಇಂಥ ರಾತ್ರಿ ಬರುತ್ತದೆಯೇ? ಹಳೇ ಡ್ರಾಯಿಂಗಿನಂತೆ ವೈರಿಂಗ್ ಮಾಡಿದ್ದರೆ ಖಂಡಿತ ಬರುತ್ತಿತ್ತು. ಅದರಲ್ಲಿ ಒಂದೊಂದು ಮಹಡಿಗೆ ಒಂದೊಂದು ಫೇಸ್ ಕೊಟ್ಟಿದ್ದರು. ವೈರ್ ಎಳೆಯುವವರಿಗೆ ಅದು ಸುಲಭ. ಆದರೆ ಕಾದ ಛಾವಣಿಯ ಕೆಳಗಿರುವ ನಾಲ್ಕನೇ ಮಹಡಿಯ ನಾಲ್ಕು ಮನೆಯೂ ಒಂದೇ ಫೇಸಿಗೆ ಬೀಳುತ್ತವೆ. ಎಸಿ ಎಲ್ಲರಿಗಿಂತ ಮೊದಲು ಹಾಕಿ ಎಲ್ಲರಿಗಿಂತ ಕೊನೆಗೆ ಆರಿಸುವವರು ಆ ಮಹಡಿಯವರೇ. ಅದನ್ನು ಬದಲಿಸಿ ಪ್ರತಿ ಮಹಡಿಯಲ್ಲೂ ಮೂರು ಫೇಸ್ ಬರುವಂತೆ, ನಾಲ್ಕನೇ ಮನೆಗೆ ಮಹಡಿಯಿಂದ ಮಹಡಿಗೆ ಫೇಸ್ ಸುತ್ತುವಂತೆ ಪಟ್ಟಿ ಮಾಡಿ ಮೀಟರ್ ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಲು ಹೇಳಿದೆ. ಕೇಬಲ್ಲನ್ನೂ ಪೂರ್ತಿ ನಾಲ್ಕು ಕೋರಿನದ್ದು ಮಾಡಿದೆವು. ಆಗ ಅದೇ ಕೆಟ್ಟ ರಾತ್ರಿಗೂ ಫೀಡರ್ ಡ್ರಾಪ್ 3.5 ಪರ್ಸೆಂಟಿಗೆ ಇಳಿಯುತ್ತದೆ. ಒಟ್ಟು 5.2. ನಮ್ಮ ಗೆರೆಯನ್ನು ಒಂಚೂರು ದಾಟುತ್ತದೆ. ಅಂಥ ರಾತ್ರಿ ಅಪರೂಪ ಅಂತ ಒಪ್ಪಿಕೊಂಡು, ಆ 5.2ನ್ನೂ ವರದಿಯಲ್ಲಿ ಮುಚ್ಚಿಡದೆ ಬರೆದೆ.

ಚರಂಡಿ ಮುಚ್ಚುವ ದಿನ ನಾನು ಅಲ್ಲೇ ನಿಂತಿದ್ದೆ. ತೋಡಿದ ಎರೆಮಣ್ಣಿನ ಹೆಂಟೆಗಳನ್ನೇ ಮತ್ತೆ ತಳ್ಳಿಬಿಡುವುದು ವಾಡಿಕೆ. ಕೇಬಲ್ ಕೆಳಗೂ ಮೇಲೂ ಬರೀ ಮರಳು ಹಾಕಿದರೆ ಸಾಕು ಅಂತಲೂ ಬಹಳ ಜನ ನಂಬುತ್ತಾರೆ. ಒಂದೇ ಗಾತ್ರದ ಶುದ್ಧ ಮರಳು ಒಣಗಿದರೆ ಕಾಳುಗಳ ನಡುವೆ ಗಾಳಿಯೇ ತುಂಬಿರುತ್ತದೆ. ಬಿಸಿ ಬಿಡುವುದರಲ್ಲಿ ಅದು ಒಣ ಎರೆಮಣ್ಣಿಗಿಂತ ಉತ್ತಮ ಏನಲ್ಲ. ಮರಳಿಗೆ ಕ್ರಷರ್ ಪುಡಿ ಬೆರೆಸಿ, ನೀರು ಚಿಮುಕಿಸಿ, ದಮ್ಮಸ್ಸು ಹೊಡೆಸಿದೆ. ಸಣ್ಣ ಪುಡಿ ಕಾಳುಗಳ ಸಂದಿಗೆ ಇಳಿದು ಕೂತರೆ ಗಾಳಿಗೆ ಜಾಗ ಇರುವುದಿಲ್ಲ. ಅದರ ಮೇಲೆ ಇಟ್ಟಿಗೆ, ಅದರ ಮೇಲೆ ಮಣ್ಣು. ಈ ಒಳ್ಳೆಯ ಹಾಸಿನ ಲಾಭವನ್ನು ಲೆಕ್ಕದಲ್ಲಿ ಎಣಿಸಲಿಲ್ಲ. 2.5 ಅನ್ನುವ ನನ್ನ ಊಹೆ ಎಲ್ಲಾದರೂ ಕಡಿಮೆ ಆಗಿದ್ದರೆ ಅದು ಕಾಯಲಿ ಅಂತ ಬಿಟ್ಟೆ.

ಮನೆಗಳು ತುಂಬಿದ ಮೊದಲ ಬೇಸಿಗೆಗೆ, ಮೇ ತಿಂಗಳಲ್ಲಿ, ರಾತ್ರಿ ಹತ್ತೂವರೆಗೆ ಮೂರನೇ ಬ್ಲಾಕಿನ ಪ್ಯಾನೆಲ್ ಮುಂದೆ ಕ್ಲಾಂಪ್ ಮೀಟರ್ ಹಿಡಿದು ನಿಂತೆ. ಹದಿನಾರರಲ್ಲಿ ಹದಿಮೂರು ಮನೆಯಲ್ಲಿ ಜನ ಇದ್ದರು. ಆರ್ ಫೇಸಿನಲ್ಲಿ 88, ವೈನಲ್ಲಿ 79, ಬಿಯಲ್ಲಿ 74 ಆಂಪಿಯರ್. ನ್ಯೂಟ್ರಲ್ಲಿನಲ್ಲಿ 12. ಟ್ರಾನ್ಸ್‌ಫಾರ್ಮರ್ ಹತ್ತಿರ ಆರ್ ಫೇಸ್ 238 ವೋಲ್ಟ್, ಇಲ್ಲಿ 232. ಆರು ವೋಲ್ಟ್, 2.5 ಪರ್ಸೆಂಟ್. ಲೆಕ್ಕ ಹೇಳಿದ ಹಾಗೇ ಇತ್ತು.

ಆದರೆ ಒಂದು ಊಹೆ ಸಡಿಲ ಇತ್ತು ಅಂತ ಅದೇ ಮೀಟರ್ ತೋರಿಸಿತು. ಮೂರು ಫೇಸ್ ಸೇರಿ ಸುಮಾರು 51 ಕಿಲೋವ್ಯಾಟ್. ಲಿಫ್ಟು, ಲೈಟಿಗೆ ಆ ಹೊತ್ತಿಗೆ 3 ಕಳೆದರೆ 48. ಹದಿಮೂರು ಮನೆಗೆ ಹಂಚಿದರೆ ಮನೆಗೆ 3.7. ನಾನು ಹಿಡಿದದ್ದು 4.4ರ 0.8, ಅಂದರೆ 3.5. ನಿಜವಾದ ಗುಣಕ 0.84 ಇತ್ತು. ಹದಿನಾರು ಮನೆಯೂ ತುಂಬಿದರೆ ಭಾರದ ಫೇಸಿನಲ್ಲಿ 113 ಆಂಪಿಯರ್ ಬರುತ್ತದೆ. ಕೇಬಲ್ಲಿನ 120ರ ಒಳಗೇ ಇದೆ, ಆದರೆ ಎಂಸಿಸಿಬಿಯ 112.5ನ್ನು ಮುಟ್ಟುತ್ತದೆ. ಗುಂಡಿಯನ್ನು 0.95ಕ್ಕೆ, ಅಂದರೆ 119ರ ಹತ್ತಿರಕ್ಕೆ ತಿರುಗಿಸಿದೆ. ವರದಿಯಲ್ಲಿ 0.8 ಹೊಡೆದು 0.85 ಬರೆದು, ಅಳೆದ ಅಂಕಿಗಳನ್ನು ಪಕ್ಕದಲ್ಲಿ ಇಟ್ಟೆ.

ಮೊನ್ನೆ ಅದೇ ಬ್ಲಾಕಿನ ಎರಡನೇ ಮಹಡಿಯವರು ಫೋನ್ ಮಾಡಿ ಕಾರಿಗೆ 7.4 ಕಿಲೋವ್ಯಾಟ್ ಚಾರ್ಜರ್ ಹಾಕಿಸಬೇಕು ಅಂದರು. ಅದು ಒಂದೇ ಫೇಸಿನಲ್ಲಿ 30 ಆಂಪಿಯರ್ ದಾಟುತ್ತದೆ. ಭಾರದ ಫೇಸಿನಲ್ಲಿ ಉಳಿದಿರುವುದು 7. ರಾತ್ರಿ ಎರಡರ ಮೇಲೆ ಮಾತ್ರ ಓಡುವಂತೆ ಟೈಮರ್ ಇಟ್ಟು 3.3 ಕಿಲೋವ್ಯಾಟ್‌ದು ಹಾಕಿಕೊಳ್ಳಿ, ಅದನ್ನೂ ಬಿ ಫೇಸಿನ ಮೀಟರಿಗೆ ಅಂತ ಹೇಳಿದ್ದೇನೆ. ಅದಕ್ಕೂ ಮುಂಚೆ ರಾತ್ರಿ ಎರಡು ಗಂಟೆಗೆ ಒಮ್ಮೆ ಹೋಗಿ ಕ್ಲಾಂಪ್ ಹಾಕಿ ನೋಡಬೇಕು.